ಕಾಣದ ಕೇಳುಗನಿಗೆ ಒಂದು ನಮಸ್ಕಾರ

ಬೆಳಗಿನ ಆರು ಗಂಟೆಯ ಆಸುಪಾಸಿನಲ್ಲಿ, ಬೀದಿಯ ದೀಪಗಳು ಇನ್ನೂ ಆರದಿರುವಾಗ, ಒಂದು ಮನೆಯ ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ. ಕ್ಷೌರದಂಗಡಿಯವನು ಬಾಗಿಲ ಮುಂದೆ ನೀರು ಚಿಮುಕಿಸುತ್ತಿರುತ್ತಾನೆ. ಊರಾಚೆಯ ತೋಟದಲ್ಲಿ ರೈತನೊಬ್ಬ ಪಂಪುಸೆಟ್ಟಿಗೆ ಕರೆಂಟು ಬಂದಿತೇ ಎಂದು ನೋಡುತ್ತಿರುತ್ತಾನೆ. ರಾತ್ರಿಪಾಳಿ ಮುಗಿಸಿದ ದಾದಿಯೊಬ್ಬಳು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತಿರುತ್ತಾಳೆ. ಪರಸ್ಪರ ಪರಿಚಯವಿಲ್ಲದ, ಎಂದೂ ಒಂದೆಡೆ ಸೇರದ ಈ ಜನರೆಲ್ಲರ ಕಿವಿಗೂ ಒಂದೇ ಕ್ಷಣದಲ್ಲಿ ಒಂದು ಧ್ವನಿ ಬಂದು ಮುಟ್ಟುತ್ತದೆ: ‘ನಮಸ್ಕಾರ.’

ಆ ಮಾತನ್ನಾಡಿದ ಉದ್ಘೋಷಕರು ಕುಳಿತಿರುವುದಾದರೋ ಕಿಟಕಿಯಿಲ್ಲದ, ಹೊರಗಿನ ಸದ್ದು ಒಳಗೆ ಬಾರದಂತೆ ಗೋಡೆಗಳಿಗೆ ಹೊದಿಕೆ ಹಾಕಿದ ಒಂದು ಕೋಣೆಯಲ್ಲಿ. ಎದುರಿಗೆ ಮೈಕು, ಪಕ್ಕದಲ್ಲಿ ದಿನದ ಕಾರ್ಯಕ್ರಮಗಳ ಕ್ಯೂಶೀಟು, ಗೋಡೆಯ ಮೇಲೆ ಸೆಕೆಂಡಿನ ಮುಳ್ಳುಳ್ಳ ಗಡಿಯಾರ. ಇವನ್ನು ಬಿಟ್ಟರೆ ಅವರ ಮಾತಿಗೆ ತಲೆದೂಗುವವರಾಗಲಿ, ಮುಗುಳುನಗುವವರಾಗಲಿ ಅಲ್ಲಿ ಯಾರೂ ಇಲ್ಲ. ಆದರೂ ಅವರ ನಮಸ್ಕಾರ ಬಾಗಿಲಲ್ಲಿ ನಿಂತು ಮಾತನಾಡಿಸಿದ ನೆರೆಯವರ ನಮಸ್ಕಾರದಂತೆ ಕೇಳಿಸಬೇಕು. ಅದು ಹಾಗೆ ಕೇಳಿಸುವುದು ಕೇವಲ ಸ್ವಭಾವಸಿದ್ಧವಾದ ಸೌಜನ್ಯದಿಂದಲ್ಲ. ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಗಟ್ಟಿಯಾಗಿ ಓದಿ ನೋಡಿದ ಪರಿಶ್ರಮದಿಂದ. ಆ ಪರಿಶ್ರಮದ ಕ್ರಮವೇನು, ಅದು ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ನಮಸ್ಕಾರಕ್ಕೆ ಮುನ್ನ

ಆಕಾಶವಾಣಿಯ ಪ್ರಾತಃಕಾಲದ ಪ್ರಸಾರ ನಮಸ್ಕಾರದಿಂದ ಆರಂಭವಾಗುವುದಿಲ್ಲ. ಮೊದಲು ಬರುವುದು ಪಿಟೀಲು ಮತ್ತು ತಂಬೂರಿಗಳ ಆ ಚಿರಪರಿಚಿತ ಸಂಕೇತಧ್ವನಿ. ನಾತ್ಸಿಗಳ ಕಾಲದಲ್ಲಿ ಯೂರೋಪನ್ನು ತೊರೆದು ಮುಂಬಯಿಗೆ ಬಂದು, ಅಲ್ಲಿನ ರೇಡಿಯೋ ನಿಲಯದಲ್ಲಿ ಕೆಲಸಮಾಡಿದ ಸಂಗೀತಜ್ಞ ವಾಲ್ಟರ್ ಕೌಫ್‌ಮನ್ ಅದನ್ನು ರಚಿಸಿದರೆಂದು, ಅದರ ಛಾಯೆ ಶಿವರಂಜನಿಯದೆಂದು ಬಹುಮಂದಿ ಹೇಳುತ್ತಾರೆ. ಅದರ ಬೆನ್ನಿಗೆ ವಂದೇ ಮಾತರಂ. ಆಮೇಲೆ ನಾಗಸ್ವರದ ಅಥವಾ ಶಹನಾಯಿಯ ಮಂಗಳಧ್ವನಿ.

ಇವುಗಳ ನಡುವೆ ನಿಲಯದ ಹೆಸರನ್ನೂ ತರಂಗಾಂತರವನ್ನೂ ಹೇಳುವ ಒಂದು ಉದ್ಘೋಷಣೆ ಬರುತ್ತದೆ. ಬೆಂಗಳೂರು ನಿಲಯವಾದರೆ 490.2 ಮೀಟರ್, ಅರ್ಥಾತ್ 612 ಕಿಲೋಹರ್ಟ್ಸ್; ಧಾರವಾಡವಾದರೆ 765 ಕಿಲೋಹರ್ಟ್ಸ್. ಮುಳ್ಳನ್ನು ತಿರುಗಿಸುತ್ತಿರುವವನಿಗೆ ತಾನು ಯಾವ ನಿಲಯಕ್ಕೆ ಬಂದು ತಲುಪಿದೆನೆಂಬುದು ಇದರಿಂದ ತಿಳಿಯುತ್ತದೆ. ಈ ಮಾತನ್ನು ಆಡುವುದು ವ್ಯಕ್ತಿಯಲ್ಲ, ಸಂಸ್ಥೆ. ಅದರಲ್ಲಿ ‘ನಾನು’ ಎಂಬುದೂ ಇಲ್ಲ, ‘ನೀವು’ ಎಂಬುದೂ ಇಲ್ಲ. ಇಂದು ಹೇಳಿದ್ದನ್ನೇ ನಾಳೆಯೂ ಒಂದಕ್ಷರ ವ್ಯತ್ಯಾಸವಿಲ್ಲದೆ ಹೇಳಬೇಕು.

ನಮಸ್ಕಾರ ಬರುವುದು ಇದರ ಅನಂತರ, ಆ ಬೆಳಗಿನ ಕಾರ್ಯಕ್ರಮವನ್ನು ನಡೆಸಿಕೊಡುವವರು ಮೊದಲ ಬಾರಿಗೆ ತಾವಾಗಿ ಬಾಯಿ ತೆರೆದಾಗ. ಸಂಸ್ಥೆಯ ಧ್ವನಿ ಅಲ್ಲಿಗೆ ನಿಂತು ಮನುಷ್ಯನ ಧ್ವನಿ ಕೇಳತೊಡಗುತ್ತದೆ. ಇವೆರಡರ ಧಾಟಿ ಒಂದೇ ಆಗಿಬಿಟ್ಟರೆ ನಮಸ್ಕಾರವೂ ಒಂದು ಪ್ರಕಟಣೆಯಾಗಿ ಕೇಳಿಸುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬಂದವರಲ್ಲಿ ಕಾಣುವ ದೋಷಗಳಲ್ಲಿ ಮೊದಲನೆಯದು ಇದೇ.

ಸಭೆಯಿಂದ ಒಬ್ಬ ವ್ಯಕ್ತಿಯ ಕಡೆಗೆ

ರೇಡಿಯೋ ಹುಟ್ಟಿದ ಕಾಲದಲ್ಲಿ ಅದರ ಮುಂದೆ ನಿಂತವರಿಗೆ ಗೊತ್ತಿದ್ದ ಭಾಷಣದ ಮಾದರಿಗಳೆಲ್ಲ ಸಭೆಯವು: ಉಪದೇಶಪೀಠ, ರಾಜಕೀಯ ವೇದಿಕೆ, ಕಾಲೇಜಿನ ಉಪನ್ಯಾಸ ಮಂದಿರ. ಸಾವಿರಾರು ಮಂದಿ ಕೇಳುತ್ತಿದ್ದಾರೆಂದ ಮೇಲೆ ಸಾವಿರಾರು ಮಂದಿಗೆ ಕೇಳಿಸುವಂತೆ ಮಾತನಾಡಬೇಕೆಂದು ಅವರು ಭಾವಿಸಿದ್ದು ಸಹಜವೇ ಆಗಿತ್ತು. ಆದರೆ ಆ ಉಚ್ಚಸ್ವರ ತಲುಪುತ್ತಿದ್ದುದು ಒಂದು ಸಣ್ಣ ಕೋಣೆಯಲ್ಲಿ ಕುಳಿತಿದ್ದ ಇಬ್ಬರು ಮೂವರನ್ನು. ಅವರಿಗೆ ಅದು ತಮ್ಮ ಮನೆಯೊಳಗೆ ಬಂದು ಯಾರೋ ಕೂಗಾಡಿದಂತೆ ಅನ್ನಿಸುತ್ತಿತ್ತು.

ಈ ವಿರೋಧವನ್ನು ಸ್ಪಷ್ಟವಾಗಿ ಕಂಡು, ಅದಕ್ಕೆ ಪರಿಹಾರವನ್ನು ಅಭ್ಯಾಸದಲ್ಲಿ ತಂದವರಲ್ಲಿ ಹಿಲ್ಡಾ ಮ್ಯಾಥೆಸನ್ ಎಂಬಾಕೆ ಮುಖ್ಯರು. ಅವರು 1927ರಿಂದ ಕೆಲವು ವರ್ಷಗಳ ಕಾಲ ಬಿ.ಬಿ.ಸಿ.ಯ ಭಾಷಣ ವಿಭಾಗದ ಮುಖ್ಯಸ್ಥೆಯಾಗಿದ್ದರು. ರೇಡಿಯೋದಲ್ಲಿ ಮಾತನಾಡುವವರು ಸಭೆಯನ್ನು ಮರೆತು, ಎದುರಿಗೆ ಕುಳಿತ ಒಬ್ಬ ವ್ಯಕ್ತಿಯನ್ನು ಉದ್ದೇಶಿಸಿ ಮಾತನಾಡಬೇಕೆಂಬುದು ಅವರ ನಿಲುವು. ಹಾಗೆಂದು ಬಾಯಿಗೆ ಬಂದದ್ದನ್ನು ಆಡಬಹುದೆಂದು ಅವರು ಒಪ್ಪಲಿಲ್ಲ. ಮಾತನ್ನು ಮೊದಲೇ ಬರೆಯಬೇಕು. ಬರೆದುದನ್ನು ಮೈಕಿನ ಮುಂದೆ ಓದಿ ಪರೀಕ್ಷಿಸಬೇಕು. ಎಲ್ಲಿ ಬರಹದ ವಾಸನೆ ಹೊಡೆಯುತ್ತದೆಯೋ ಅಲ್ಲಿ ತಿದ್ದಬೇಕು. ಆಡುಮಾತಿನಂತೆ ಕೇಳಿಸಬೇಕಾದರೆ ಅದನ್ನು ಬರೆಯಲೇಬೇಕು ಎಂಬ ಈ ಸೂತ್ರ ಮೇಲುನೋಟಕ್ಕೆ ಅಸಂಗತವೆನಿಸಿದರೂ, ಕಾರಣ ಸರಳವಾಗಿದೆ: ಎದುರಿಗೆ ಕೇಳುಗನಿಲ್ಲದಾಗ, ಅವನ ಮುಖವನ್ನು ನೋಡಿ ಮಾತನ್ನು ತಿದ್ದಿಕೊಳ್ಳುವ ಅವಕಾಶವಿಲ್ಲದಿರುವುದರಿಂದ, ಆ ತಿದ್ದುಪಡಿಯನ್ನು ಮುಂಚಿತವಾಗಿ ಕಾಗದದ ಮೇಲೆಯೇ ಮಾಡಿಕೊಳ್ಳಬೇಕಾಗುತ್ತದೆ.

ಆ ವಿಭಾಗದಲ್ಲಿ ಮ್ಯಾಥೆಸನ್ ಅವರ ಕೈಕೆಳಗೆ ಕೆಲಸಮಾಡಿದ ಲಯೊನೆಲ್ ಫೀಲ್ಡನ್ 1935ರಲ್ಲಿ ಭಾರತದ ಪ್ರಸಾರ ವ್ಯವಸ್ಥೆಯ ಮೊದಲ ನಿಯಂತ್ರಣಾಧಿಕಾರಿಯಾಗಿ ಇಲ್ಲಿಗೆ ಬಂದರು. ಮರುವರ್ಷ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು. ಅದೇ 1935ರಲ್ಲಿ, ಅವರಿಂದ ಸಂಪೂರ್ಣ ಸ್ವತಂತ್ರವಾಗಿ, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರಯಂತ್ರವನ್ನು ಇಟ್ಟುಕೊಂಡು ನಿಲಯವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಸಂದದ್ದು ಆ ಮೈಸೂರಿನ ನಿಲಯಕ್ಕೆ. ಹೀಗೆ ಕನ್ನಡದ ಮೊದಲ ಪ್ರಸಾರವೇ ಒಂದು ಮನೆಯಿಂದ ಹೊರಟು ಇತರ ಮನೆಗಳನ್ನು ಸೇರಿತು. ಸಭೆಗೆ ಮಾತನಾಡುವ ಅಭ್ಯಾಸವನ್ನು ಬಿಟ್ಟು ಮನೆಗೆ ಮಾತನಾಡುವ ಅಭ್ಯಾಸವನ್ನು ಕಲಿಯಬೇಕೆಂಬ ಪಾಠಕ್ಕೆ ಅದಕ್ಕಿಂತ ಅನುಕೂಲವಾದ ಸ್ಥಳ ಬೇರೊಂದು ಇರಲಾರದು.

‘ನೀವು’ ಮತ್ತು ‘ನೀವೆಲ್ಲರೂ’

ಒಬ್ಬನಿಗೆ ಆಡಿದಂತಿರಬೇಕು, ಸಾವಿರಾರು ಮಂದಿಗೆ ಸಲ್ಲಬೇಕು. ಇದು ಬೆಳಗಿನ ನಮಸ್ಕಾರದ ಮುಂದಿರುವ ಮುಖ್ಯ ಸಮಸ್ಯೆ. ಕನ್ನಡದಲ್ಲಿ ಈ ಸಮಸ್ಯೆಗೆ ವ್ಯಾಕರಣವೇ ಅರ್ಧ ಪರಿಹಾರವನ್ನು ಒದಗಿಸಿಕೊಟ್ಟಿದೆ. ‘ನೀವು’ ಎಂಬುದು ಬಹುಜನರಿಗೂ ಸಲ್ಲುತ್ತದೆ, ಗೌರವಕ್ಕೆ ಪಾತ್ರನಾದ ಒಬ್ಬನಿಗೂ ಸಲ್ಲುತ್ತದೆ. ಹೊಲದಲ್ಲಿರುವ ರೈತನು ಅದನ್ನು ತನಗೊಬ್ಬನಿಗೇ ಹೇಳಿದ ಮಾತೆಂದು ತೆಗೆದುಕೊಳ್ಳಬಹುದು; ಬಸ್ಸಿನಲ್ಲಿರುವ ದಾದಿಯೂ ಹಾಗೆಯೇ ತೆಗೆದುಕೊಳ್ಳಬಹುದು; ಇಬ್ಬರೂ ತಪ್ಪಿದಂತಾಗುವುದಿಲ್ಲ.

ಆದರೆ ಅದರ ಪಕ್ಕದಲ್ಲಿ ‘ಎಲ್ಲರೂ’ ಎಂಬುದನ್ನು ಸೇರಿಸಿದ ಕೂಡಲೇ ಆ ಅನುಕೂಲ ನಷ್ಟವಾಗುತ್ತದೆ. ‘ನಿಮ್ಮೆಲ್ಲರಿಗೂ ನಮಸ್ಕಾರ’ ಎಂದಾಗ ಕೇಳುಗನಿಗೆ ತಾನು ಒಂದು ಗುಂಪಿನಲ್ಲಿ ಒಬ್ಬನೆಂಬುದು ನೆನಪಾಗುತ್ತದೆ; ವೇದಿಕೆಯೊಂದು, ಅದರ ಮುಂದೆ ಸಾಲು ಕುರ್ಚಿಗಳು ಮನಸ್ಸಿಗೆ ಬರುತ್ತವೆ. ‘ಕೇಳುಗರೆ’, ‘ಶ್ರೋತೃಗಳೆ’ ಎಂಬ ಸಂಬೋಧನೆಗಳೂ ಇದೇ ದಾರಿಯವು. ಮನೆಯಲ್ಲಿ ಯಾರನ್ನೂ ನಾವು ‘ಕೇಳುಗನೆ’ ಎಂದು ಕರೆಯುವುದಿಲ್ಲ. ಅನುಭವಿಗಳಾದ ಉದ್ಘೋಷಕರು ಬೆಳಗಿನ ಹೊತ್ತಿನಲ್ಲಿ ಸಂಬೋಧನೆಯನ್ನೇ ಬಿಟ್ಟು ಬರಿಯ ‘ನಮಸ್ಕಾರ’ದಿಂದ ತೊಡಗುವುದಕ್ಕೆ ಕಾರಣ ಇದೇ.

ಇದಕ್ಕೆ ವಿರುದ್ಧವಾದ ಪ್ರಸಿದ್ಧ ನಿದರ್ಶನವೂ ಉಂಟು. 1952ರಿಂದ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲೆಯನ್ನು ನಡೆಸಿಕೊಟ್ಟ ಅಮೀನ್ ಸಯಾನಿಯವರು ‘ಬೆಹನೋ ಔರ್ ಭಾಯಿಯೋ’ ಎಂದು ಬಹುವಚನದಲ್ಲಿಯೇ ಕರೆದರು. ಅದು ದೇಶದ ಮನಸ್ಸಿನಲ್ಲಿ ನಿಂತಿತು. ಆದರೆ ಅದು ವಾರಕ್ಕೊಮ್ಮೆ ರಾತ್ರಿಯ ಹೊತ್ತು ಬರುತ್ತಿದ್ದ ಕಾರ್ಯಕ್ರಮ. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಪರವಾನಗಿ ಪಡೆದು ಇಟ್ಟುಕೊಳ್ಳಬೇಕಾಗಿದ್ದ ಆ ಕಾಲದ ರೇಡಿಯೋ, ಮನೆಗೊಂದಿದ್ದರೆ ಹೆಚ್ಚು. ಹಲವು ವೇಳೆ ಬೀದಿಗೊಂದು. ಹಾಡುಗಳ ಪೈಪೋಟಿಯಲ್ಲಿ ಯಾವುದು ಮೇಲಕ್ಕೇರಿತೆಂದು ಕೇಳಲು ಅಕ್ಕಪಕ್ಕದವರು ಅದರ ಸುತ್ತ ನಿಜವಾಗಿಯೂ ನೆರೆಯುತ್ತಿದ್ದರು. ಸಭೆ ಇದ್ದಲ್ಲಿ ಸಭೆಯ ಸಂಬೋಧನೆ ಸಲ್ಲುತ್ತದೆ. ಬೆಳಗ್ಗೆ ಯಾರೂ ರೇಡಿಯೋದ ಸುತ್ತ ನೆರೆಯುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸದ ನಡುವೆ, ಅರ್ಧ ಕಿವಿಯನ್ನು ಮಾತ್ರ ಅತ್ತ ಕೊಟ್ಟಿರುತ್ತಾರೆ. ಟ್ರಾನ್ಸಿಸ್ಟರ್ ಬಂದು ರೇಡಿಯೋ ಗೂಡಿನಿಂದಿಳಿದು ಅಡುಗೆಮನೆಗೂ ತೋಟಕ್ಕೂ ಹೋದ ಮೇಲಂತೂ ಈ ಏಕಾಂತ ಇನ್ನಷ್ಟು ಗಟ್ಟಿಯಾಯಿತು.

ಒಂದು ಕರಡಿನ ಪರೀಕ್ಷೆ

ಈ ವಿಚಾರಗಳು ಕಾಗದದ ಮೇಲೆ ಹೇಗೆ ಕೆಲಸಮಾಡುತ್ತವೆಂಬುದನ್ನು ತಿಳಿಯಲು, ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ ಹಳೆಯ ಮೈಸೂರು ಪ್ರಾಂತಕ್ಕೆ ಪ್ರಸಾರವಾಗುವ ಕಾರ್ಯಕ್ರಮಕ್ಕೆಂದು ಹೊಸ ಉದ್ಘೋಷಕರೊಬ್ಬರು ಹೀಗೆ ಬರೆದುಕೊಂಡಿದ್ದಾರೆಂದು ಇಟ್ಟುಕೊಳ್ಳೋಣ:

‘ಪ್ರಿಯ ಶ್ರೋತೃ ಬಾಂಧವರೆ, ನಿಮ್ಮೆಲ್ಲರಿಗೂ ಈ ಸುಂದರ ಮುಂಜಾವಿನ ಹೃತ್ಪೂರ್ವಕ ಶುಭೋದಯದ ಶುಭಾಶಯಗಳು. ನೀವೆಲ್ಲರೂ ಬಿಸಿಬಿಸಿ ಕಾಫಿ ಹೀರುತ್ತಾ ನಮ್ಮ ಕಾರ್ಯಕ್ರಮಕ್ಕಾಗಿ ಕಾತರದಿಂದ ಕಾಯುತ್ತಿದ್ದೀರಿ ಎಂದು ಭಾವಿಸುತ್ತೇನೆ. ಬನ್ನಿ, ಸೋಮವಾರದ ಈ ಶುಭದಿನವನ್ನು ಒಂದು ಸುಮಧುರ ಭಾವಗೀತೆಯೊಂದಿಗೆ ಆರಂಭಿಸೋಣ. ಸಮಯ ಆರು ಗಂಟೆ ಹದಿನೈದು ನಿಮಿಷ.’

ಬರೆದವರ ಸದಾಶಯದಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಇದು ಸ್ನೇಹವಾಗಿ ಕೇಳಿಸುವುದಿಲ್ಲ. ಮೊದಲ ವಾಕ್ಯದ ಹತ್ತು ಪದಗಳಲ್ಲಿ ಕೇಳುಗನಿಗೆ ತಿಳಿದ ಹೊಸ ಸಂಗತಿ ಒಂದೂ ಇಲ್ಲ. ‘ಶುಭೋದಯ’ವೇ ಶುಭಾಶಯವಾಗಿರುವಾಗ ಅದಕ್ಕೆ ಮತ್ತೊಂದು ಶುಭಾಶಯ ಅಂಟಿಕೊಂಡಿದೆ. ‘ಪ್ರಿಯ’, ‘ಸುಂದರ’, ‘ಹೃತ್ಪೂರ್ವಕ’, ‘ಬಿಸಿಬಿಸಿ’, ‘ಶುಭ’, ‘ಸುಮಧುರ’ ಎಂಬ ಆರು ವಿಶೇಷಣಗಳು ಮೂರು ವಾಕ್ಯಗಳಲ್ಲಿ ಸೇರಿವೆ. ವಿಶೇಷಣವೆಂಬುದು ಹೇಳುವವನ ಅಭಿಪ್ರಾಯ. ಮುಖಪರಿಚಯವೇ ಇಲ್ಲದವನು ಮೊದಲ ಅರ್ಧ ನಿಮಿಷದಲ್ಲಿ ಆರು ಅಭಿಪ್ರಾಯಗಳನ್ನು ಕೊಟ್ಟರೆ, ಕೇಳುವವನು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾನೆ.

ಇದಕ್ಕಿಂತ ಗುರುತರವಾದ ದೋಷ ಎರಡನೆಯ ವಾಕ್ಯದಲ್ಲಿದೆ. ಕೇಳುಗರು ಏನು ಮಾಡುತ್ತಿದ್ದಾರೆ, ಅವರ ಮನಸ್ಥಿತಿ ಏನು ಎಂಬುದನ್ನು ಉದ್ಘೋಷಕರು ತಾವೇ ಊಹಿಸಿ ಅವರಿಗೇ ಹೇಳುತ್ತಿದ್ದಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟ ದಾದಿಗೆ ಅದು ಮುಂಜಾವಲ್ಲ, ದಿನದ ಕೊನೆ. ಆಸ್ಪತ್ರೆಯ ಜಗಲಿಯಲ್ಲಿ ಬಂಧುವಿಗಾಗಿ ಕಾದು ಕುಳಿತವನು ಕಾಫಿಯನ್ನು ಹೀರುತ್ತಿಲ್ಲ. ನೆರೆಬಂದ ಹೊಳೆಯ ದಂಡೆಯವರಿಗೆ ಆ ಬೆಳಗು ಸುಂದರವಲ್ಲ. ಅವರೊಬ್ಬೊಬ್ಬರಿಗೂ ಈ ಮಾತು ತಮಗೆ ಹೇಳಿದ್ದಲ್ಲವೆಂಬುದು ಖಚಿತವಾಗುತ್ತದೆ. ಆತ್ಮೀಯತೆಗೆಂದು ಸೇರಿಸಿದ ವಿವರವೇ ಅವರನ್ನು ಹೊರಗೆ ನಿಲ್ಲಿಸುತ್ತದೆ.

ಕಿವಿಗೆ ಸಂಬಂಧಿಸಿದ ತೊಡಕೂ ಒಂದುಂಟು. ಶ್ರೋತೃ, ಸುಂದರ, ಶುಭೋದಯ, ಶುಭಾಶಯ ಎಂದು ಶಕಾರ ಸಕಾರಗಳು ಒತ್ತೊತ್ತಾಗಿ ಬಂದಿವೆ. ಮೈಕಿಗೆ ಹತ್ತಿರದಲ್ಲಿ ಅವು ಬುಸುಗುಟ್ಟುತ್ತವೆ. ಮಧ್ಯಮ ತರಂಗದ ಪ್ರಸಾರದಲ್ಲಿ ನಿಲಯ ನಿಲಯಗಳ ನಡುವಿನ ಅಂತರವೇ ಒಂಬತ್ತು ಕಿಲೋಹರ್ಟ್ಸ್ ಆಗಿರುವುದರಿಂದ ಧ್ವನಿಯ ಅತ್ಯುಚ್ಚ ಕಂಪನಗಳು ಬಹುಮಟ್ಟಿಗೆ ಕತ್ತರಿಸಿಹೋಗುತ್ತವೆ. ಸಕಾರವನ್ನು ಶಕಾರದಿಂದ ಬೇರ್ಪಡಿಸಿ ಕೇಳಿಸುವ ಅಂಶ ಅಲ್ಲಿಯೇ ಇರುವುದು. ಆದಕಾರಣ ಬರಹದಲ್ಲಿ ಅನುಪ್ರಾಸವಾಗಿ ಕಂಡದ್ದು ಸಣ್ಣ ಸೆಟ್ಟಿನಲ್ಲಿ ಕಲಸುಮೇಲೋಗರವಾಗುತ್ತದೆ. ‘ಭ’ಕಾರ ‘ಬ’ಕಾರಗಳಿಂದ ಹೊರಟ ಗಾಳಿ ಮೈಕಿಗೆ ನೇರವಾಗಿ ಬಡಿದರೆ ಸಣ್ಣ ಗುದ್ದಿನ ಸದ್ದಾಗುತ್ತದೆ. ಇವನ್ನೆಲ್ಲ ಕಣ್ಣಿನಿಂದ ಓದಿ ಕಂಡುಹಿಡಿಯಲಾಗದು. ಗಟ್ಟಿಯಾಗಿ ಓದಿಯೇ ತಿಳಿಯಬೇಕು.

ಇನ್ನು ತಿದ್ದಿದ ಪಾಠವನ್ನು ನೋಡೋಣ:

‘ನಮಸ್ಕಾರ. ಈಗ ಆರು ಗಂಟೆ ಹದಿನೈದು ನಿಮಿಷ. ಇಂದು ಸೋಮವಾರ. ರಾತ್ರಿ ಕೊಡಗಿನಲ್ಲಿ ಜೋರು ಮಳೆ ಆಗಿದೆ. ಮಂಡ್ಯ, ಮೈಸೂರಿನ ಕಡೆ ಮೋಡವಷ್ಟೆ. ಏಳು ಗಂಟೆ ಐದು ನಿಮಿಷಕ್ಕೆ ಪ್ರದೇಶ ಸಮಾಚಾರವಿದೆ. ಅಲ್ಲಿಯವರೆಗೂ ನಾನು ಇಲ್ಲಿರುತ್ತೇನೆ. ಮೊದಲು ಒಂದು ಭಾವಗೀತೆ.’

ಇಲ್ಲಿ ಇಪ್ಪತ್ತೊಂಬತ್ತು ಪದಗಳಿವೆ. ಅವಸರವಿಲ್ಲದೆ ಓದಿದರೆ ಇಪ್ಪತ್ತು ಸೆಕೆಂಡುಗಳ ಆಸುಪಾಸು ಹಿಡಿಯುತ್ತದೆ. ಬೆಳಗಿನ ಹೊತ್ತು ಕೇಳುಗನಿಗೆ ಮೊಟ್ಟಮೊದಲು ಬೇಕಾದ ಸಂಗತಿ ಸಮಯ. ಬಸ್ಸು ಹಿಡಿಯಬೇಕಾದವನೂ ಮಗುವನ್ನು ಶಾಲೆಗೆ ಎಬ್ಬಿಸಬೇಕಾದವಳೂ ಅದಕ್ಕಾಗಿ ಕಿವಿಗೊಟ್ಟಿರುತ್ತಾರೆ. ಮೊದಲ ಕರಡಿನಲ್ಲಿ ಅದು ಕೊನೆಗೆ ಹೋಗಿ ಹಾಡಿನ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು; ಈಗ ನಮಸ್ಕಾರದ ಬೆನ್ನಿಗೇ ಬಂದಿದೆ. ಮಳೆಯ ಮಾತು ಹವಾಮಾನ ಕಚೇರಿಯ ವರದಿಯಿಂದ ಬಂದದ್ದು. ಅದನ್ನು ಊರುಗಳ ಹೆಸರು ಹೇಳಿ ವಿಂಗಡಿಸಿರುವುದರಿಂದ ಎಲ್ಲಿಯ ಕೇಳುಗನಿಗೂ ಅದು ಸುಳ್ಳಾಗುವುದಿಲ್ಲ. ಆ ಮಳೆ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪನ್ನು ಕೇಳುವವರಿಗೇ ಬಿಟ್ಟಿದೆ; ಬಿತ್ತನೆ ಮಾಡಿದವನಿಗೆ ಹರ್ಷ ತಂದ ಮಳೆಯೇ ಒಕ್ಕಣೆ ಹಾಕಿದವನಿಗೆ ನಷ್ಟ ತಂದಿರಬಹುದು.

‘ಅಲ್ಲಿಯವರೆಗೂ ನಾನು ಇಲ್ಲಿರುತ್ತೇನೆ’ ಎಂಬ ಮಾತನ್ನು ಗಮನಿಸಬೇಕು. ಇಡೀ ಪಾಠದಲ್ಲಿ ‘ನೀವು’ ಎಂಬ ಶಬ್ದವೇ ಇಲ್ಲ. ಆದರೂ ಅತ್ಯಂತ ಆಪ್ತವಾದ ವಾಕ್ಯ ಇದೇ. ಕೇಳುಗರ ವಿಷಯದಲ್ಲಿ ಉದ್ಘೋಷಕರು ಏನನ್ನೂ ಬಲ್ಲವರಲ್ಲ. ತಮ್ಮ ವಿಷಯದಲ್ಲಿ ಮಾತ್ರ ಮಾತು ಕೊಡಬಲ್ಲರು. ಸುಮಾರು ಐವತ್ತು ನಿಮಿಷಗಳ ಕಾಲ ತಾವು ಅಲ್ಲಿರುವೆವೆಂದು ಅವರು ಹೇಳಿದ್ದು ನಿಜ, ನಡೆಸಬಹುದಾದದ್ದು, ಮತ್ತು ಯಾರನ್ನೂ ಹೊರಗಿಡದ ಮಾತು. ನಮಸ್ಕಾರದಲ್ಲಿ ಸ್ನೇಹವನ್ನು ಹುಟ್ಟಿಸುವುದು ಸ್ನೇಹವಾಚಕ ಶಬ್ದಗಳಲ್ಲ. ಕೇಳುಗನಿಗೂ ತನಗೂ ನಿಜವಾಗಿ ಸಮಾನವಾಗಿರುವುದು ಯಾವುದು ಎಂಬುದರ ಸರಿಯಾದ ಅಂದಾಜು. ಈ ಗಂಟೆ, ಈ ವಾರ, ಮುಂದೆ ಬರಲಿರುವ ಹಾಡು. ಇವಿಷ್ಟೇ ಅವರಿಬ್ಬರ ನಡುವಿನ ಖಚಿತವಾದ ಸಾಮಾನ್ಯ ಆಸ್ತಿ.

ಒಂದು ಉಸಿರಿನ ವಿರಾಮ

ನಮಸ್ಕಾರವೆಂಬುದು ಪ್ರತಿನಮಸ್ಕಾರವನ್ನು ಬೇಡುವ ಮಾತು. ರೇಡಿಯೋದಲ್ಲಿ ಆ ಪ್ರತಿಮಾತು ಉದ್ಘೋಷಕರಿಗೆ ಕೇಳಿಸದು; ಆದರೆ ಅದಕ್ಕೆ ಸ್ಥಳವನ್ನು ಬಿಡಬೇಕು. ‘ನಮಸ್ಕಾರ’ ಎಂದ ಮೇಲೆ ಒಂದು ಸಣ್ಣ ಉಸಿರಿನಷ್ಟು ನಿಂತು ಅನಂತರ ಸಮಯವನ್ನು ಹೇಳಿದರೆ, ಕೇಳುಗನ ಮನಸ್ಸು ಆ ತೆರವಿನಲ್ಲಿ ತಾನಾಗಿ ತಲೆಬಾಗುತ್ತದೆ. ನಿಲ್ಲದೆ ಮುಂದೆ ಓಡಿದರೆ ನಮಸ್ಕಾರ ಬರಿಯ ಶೀರ್ಷಿಕೆಯಾಗುತ್ತದೆ. ಹಾಗೆಂದು ವಿರಾಮವನ್ನು ಎರಡು ಮೂರು ಸೆಕೆಂಡಿನವರೆಗೆ ಎಳೆಯುವಂತೆಯೂ ಇಲ್ಲ; ಅಷ್ಟರಲ್ಲಿ ಪ್ರಸಾರ ನಿಂತುಹೋಯಿತೇನೋ ಎಂದು ಕೇಳುಗನ ಕೈ ಸೆಟ್ಟಿನ ಕಡೆಗೆ ಹೋಗುತ್ತದೆ.

ಧ್ವನಿಯ ಸಂಗತಿಯೂ ಹೀಗೆಯೇ ಅಳತೆಯದು. ಬಾಯಿಗೂ ಮೈಕಿಗೂ ಸುಮಾರು ಒಂದು ಗೇಣು ಅಂತರವಿದ್ದರೆ ಮಾತು ಪಕ್ಕದಲ್ಲಿ ಕುಳಿತವರ ಮಾತಿನಂತಿರುತ್ತದೆ. ಇನ್ನೂ ಹತ್ತಿರ ಹೋದರೆ, ಒಂದೇ ದಿಕ್ಕಿನ ಧ್ವನಿಯನ್ನು ಹಿಡಿಯುವ ಮೈಕುಗಳು ಮಂದ್ರಸ್ವರವನ್ನು ಹೆಚ್ಚಿಸಿಬಿಡುತ್ತವೆ. ರಾತ್ರಿಯ ಹೊತ್ತಿಗೆ ಒಪ್ಪಬಹುದಾದ ಆ ಗುಂಗು ಬೆಳಗಿನ ಅಡುಗೆಮನೆಯಲ್ಲಿ ಮಿತಿಮೀರಿದ ಸಲಿಗೆಯಾಗಿ ಕೇಳಿಸುತ್ತದೆ, ಅಲ್ಲದೆ ಪಾತ್ರೆಗಳ ಸದ್ದಿನಲ್ಲಿ ಅಕ್ಷರಗಳು ಮುಳುಗಿಹೋಗುತ್ತವೆ. ಮುಗುಳುನಗೆ ಕೇಳಿಸುತ್ತದೆಂಬುದು ಕಲ್ಪನೆಯಲ್ಲ: ತುಟಿಗಳು ಅಗಲವಾದಾಗ ಬಾಯೊಳಗಿನ ನಾಳ ತುಸು ಗಿಡ್ಡವಾಗಿ, ಸ್ವರಗಳ ಬಣ್ಣ ತಿಳಿಯಾಗುತ್ತದೆ. ಆದರೆ ಮುಖದಲ್ಲಿ ಹಿಡಿದು ನಿಲ್ಲಿಸಿದ ನಗೆ ಇಡೀ ವಾಕ್ಯವನ್ನು ಒಂದೇ ಬಣ್ಣಕ್ಕೆ ತಿರುಗಿಸುತ್ತದೆ. ಮಳೆಯ ಸುದ್ದಿಯೂ ನಗುತ್ತಲೇ ಹೊರಬರುತ್ತದೆ. ಕೃತಕತೆಯನ್ನು ಪತ್ತೆಮಾಡಲು ಇದೊಂದು ಸುಲಭವಾದ ಗುರುತು.

ನಿದ್ದೆಯಿಂದೆದ್ದ ಗಂಟಲು ಸ್ವಲ್ಪ ಊದಿಕೊಂಡು ಭಾರವಾಗಿರುತ್ತದೆಯಾದ್ದರಿಂದ ಬೆಳಗಿನ ಪಾಳಿಯವರು ಪ್ರಸಾರಕ್ಕೆ ಬಹಳ ಮುಂಚೆಯೇ ಎದ್ದು, ನಿಲಯವನ್ನು ಸೇರಿ, ಬೆಚ್ಚನೆಯ ನೀರು ಕುಡಿದು, ಕ್ಯೂಶೀಟನ್ನೋ ಪತ್ರಿಕೆಯನ್ನೋ ಗಟ್ಟಿಯಾಗಿ ಓದಿ ಧ್ವನಿಯನ್ನು ಹದಕ್ಕೆ ತಂದುಕೊಳ್ಳುತ್ತಾರೆ. ‘ನಮಸ್ಕಾರ’ವೇ ಅವರ ದಿನದ ಮೊದಲ ಮಾತಾಗಬಾರದು.

ಎಲ್ಲಿ ಎಡವುತ್ತದೆ

ಚೆನ್ನಾಗಿ ಬರೆದ ನಮಸ್ಕಾರವೂ ಎರಡು ಸಂದರ್ಭಗಳಲ್ಲಿ ಕೆಡುತ್ತದೆ. ಮೊದಲನೆಯದು, ಅದನ್ನು ಮುಂಚಿತವಾಗಿ ಧ್ವನಿಮುದ್ರಿಸಿ ಇಟ್ಟಾಗ. ಹಿಂದಿನ ಸಂಜೆ ಮುದ್ರಿಸಿದ ಮಾತಿಗೆ ರಾತ್ರಿ ನಡೆದದ್ದು ಗೊತ್ತಿರುವುದಿಲ್ಲ. ನಡುರಾತ್ರಿ ನಾಡಿನ ಹಿರಿಯರೊಬ್ಬರು ತೀರಿಕೊಂಡು, ಬೆಳಗಿನ ಸುದ್ದಿಯಲ್ಲಿ ಅದು ಬಂದ ಮರುಗಳಿಗೆಯೇ ಉಲ್ಲಾಸಭರಿತವಾದ ಸ್ವಾಗತ ಕೇಳಿಸಿದರೆ, ಆ ಧ್ವನಿಯ ಹಿಂದೆ ಮನುಷ್ಯನಿಲ್ಲವೆಂಬುದು ಬಯಲಾಗುತ್ತದೆ. ಶೋಕಾಚರಣೆಯ ದಿನಗಳಲ್ಲಿ ಆಕಾಶವಾಣಿ ಲಘು ಸಂಗೀತವನ್ನು ಬಿಟ್ಟು ಗಂಭೀರವಾದ ವಾದ್ಯಸಂಗೀತವನ್ನೂ ಭಕ್ತಿಗೀತೆಗಳನ್ನೂ ಬಿತ್ತರಿಸುವ ಪದ್ಧತಿಯುಂಟು. ಅಂಥ ದಿನ ಮೇಲೆ ತಿದ್ದಿದ ಪಾಠದಲ್ಲಿ ‘ಭಾವಗೀತೆ’ ಎಂಬುದೊಂದನ್ನು ಬದಲಿಸಿದರೆ ಸಾಕು, ಮಿಕ್ಕ ಮಾತು ಹಾಗೆಯೇ ಸಲ್ಲುತ್ತದೆ. ಮೊದಲ ಕರಡನ್ನಾದರೋ ಸಂಪೂರ್ಣವಾಗಿ ಹರಿದುಹಾಕಬೇಕಾಗುತ್ತಿತ್ತು.

ಎರಡನೆಯದು, ನಿತ್ಯದ ಪುನರಾವೃತ್ತಿ. ದಿನವೂ ಅದೇ ಮಾತಾದರೆ ಕಿವಿ ಅದನ್ನು ಕೇಳುವುದನ್ನೇ ಬಿಟ್ಟುಬಿಡುತ್ತದೆ; ದಿನವೂ ಹೊಸ ಚಮತ್ಕಾರವಾದರೆ ಕೇಳುಗನಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಇದಕ್ಕೆ ಅನುಭವಿಗಳು ಕಂಡುಕೊಂಡ ಮಾರ್ಗ, ಮಾತನ್ನು ಎರಡು ಪಾಲಾಗಿ ಕಾಣುವುದು. ಮೊದಲ ಶಬ್ದ, ಅದರ ನಂತರದ ವಿರಾಮ, ಸಮಯದ ಸ್ಥಾನ, ಇವು ಸ್ಥಿರ; ಅನಂತರದ ಒಂದು ವಾಕ್ಯ ಮಾತ್ರ ಆ ದಿನದ್ದು. ಮಳೆಯಿದ್ದರೆ ಮಳೆ, ಪರೀಕ್ಷೆಗಳು ಆರಂಭವಾಗುವ ದಿನವಾದರೆ ಪರೀಕ್ಷೆ, ಹೇಳುವಂಥದ್ದೇನೂ ಇಲ್ಲದ ದಿನ ಆ ವಾಕ್ಯವನ್ನು ಬಿಟ್ಟು ನೇರವಾಗಿ ಹಾಡಿಗೆ ಹೋಗುವುದು. ಏನೂ ಇಲ್ಲದ ದಿನ ಏನನ್ನಾದರೂ ತುಂಬಬೇಕೆಂದು ಹೊರಟಾಗಲೇ ‘ಸುಂದರ ಮುಂಜಾವು’ಗಳು ಒಳಗೆ ನುಗ್ಗುವುದು.

ಎಫ್.ಎಂ. ಬಂದ ಮೇಲೆ

2001ರ ಜುಲೈ ತಿಂಗಳಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ಬೆಂಗಳೂರಿನಲ್ಲಿ ಆರಂಭವಾಯಿತು. ಅಲ್ಲಿಂದೀಚೆಗೆ ಬೆಳಗಿನ ನಮಸ್ಕಾರದ ವೇಷ ಬಹಳ ಬದಲಾಗಿದೆ. ನಡೆಸಿಕೊಡುವವರ ಹೆಸರು ಮುಂದೆ ಬಂದಿದೆ; ಮಾತಿನ ಕೆಳಗೆ ಸಂಗೀತ ಹರಿಯುತ್ತಿರುತ್ತದೆ; ಹಾಡಿನ ಪೀಠಿಕಾವಾದ್ಯ ನಡೆಯುವ ಹತ್ತು ಹದಿನೈದು ಸೆಕೆಂಡುಗಳಲ್ಲಿಯೇ ಮಾತನ್ನು ಮುಗಿಸಿ, ಗಾಯಕನ ಧ್ವನಿ ಏಳುವ ಕ್ಷಣಕ್ಕೆ ಸರಿಯಾಗಿ ಹಿಂದೆ ಸರಿಯುವುದೊಂದು ಕೌಶಲವಾಗಿದೆ. ಪೂರ್ಣಪಾಠಕ್ಕೆ ಬದಲಾಗಿ ನಾಲ್ಕಾರು ಅಂಶಗಳನ್ನು ಮಾತ್ರ ಬರೆದುಕೊಳ್ಳುವವರೇ ಹೆಚ್ಚು. ವೇಗ ಹೆಚ್ಚಿದೆ, ಸಲಿಗೆಯೂ ಹೆಚ್ಚಿದೆ.

ಕೇಳುಗರಿಂದ ಹಿಂದಿರುಗಿ ಬರುವ ಮಾತೂ ಬದಲಾಗಿದೆ. ಹಿಂದೆ ಕೋರಿಕೆಯ ಅಂಚೆಕಾರ್ಡು ಬರಲು ವಾರ ಹಿಡಿಯುತ್ತಿತ್ತು. ಈಗ ಹಾಡು ಮುಗಿಯುವ ಮೊದಲೇ ಫೋನಿಗೆ ಸಂದೇಶ ಬರುತ್ತದೆ. ಆದರೆ ಬರೆಯುವವರು ಕೇಳುವವರ ಒಂದು ಸಣ್ಣ ಪಾಲು ಮಾತ್ರವೆಂಬ ಸಂಗತಿ ಬದಲಾಗಿಲ್ಲ. ಸಂದೇಶ ಕಳುಹಿಸಿದ ಹತ್ತು ಮಂದಿಯ ಹೆಸರುಗಳಿಂದಲೇ ನಮಸ್ಕಾರವನ್ನು ತುಂಬಿದರೆ, ಎಂದೂ ಬರೆಯದೆ ಕೇಳುತ್ತಲೇ ಇರುವವರು ಪರರ ಸಂಭಾಷಣೆಯನ್ನು ಗೋಡೆಯಾಚೆಯಿಂದ ಕೇಳಿದವರಂತಾಗುತ್ತಾರೆ.

1956ರಲ್ಲಿಯೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು, ರೇಡಿಯೋ ಟೆಲಿವಿಷನ್ನುಗಳ ವ್ಯಕ್ತಿಗಳೊಡನೆ ಜನರಿಗೆ ಬೆಳೆಯುವ ಈ ಏಕಮುಖವಾದ ಸ್ನೇಹವನ್ನು ವಿವರಿಸಿದರು. ಕೇಳುಗನಿಗೆ ಆ ಧ್ವನಿ ವರ್ಷಗಳ ಪರಿಚಯದ್ದು. ಧ್ವನಿಗೆ ಕೇಳುಗನ ಪರಿಚಯವಿಲ್ಲ. ಈ ಅಸಮತೆಯನ್ನು ಹೋಗಲಾಡಿಸುವ ಉಪಾಯ ಯಾವ ಉದ್ಘೋಷಕರ ಕೈಯಲ್ಲಿಯೂ ಇಲ್ಲ. ಅವರು ಮಾಡಬಹುದಾದದ್ದು, ಅದನ್ನು ದುರುಪಯೋಗ ಮಾಡದಿರುವುದು: ಬಲ್ಲೆನೆಂದು ನಟಿಸದಿರುವುದು, ಕೊಡಲಾರದ ಆತ್ಮೀಯತೆಯನ್ನು ಘೋಷಿಸದಿರುವುದು.

ಆದುದರಿಂದ ನಿಲಯ ಹಳೆಯದಿರಲಿ ಹೊಸದಿರಲಿ, ನಮಸ್ಕಾರವನ್ನು ಬರೆದವರು ಮೈಕಿನ ಮುಂದೆ ಕುಳಿತುಕೊಳ್ಳುವ ಮೊದಲು ತಮ್ಮ ಕಾಗದಕ್ಕೆ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬಹುದು. ವಿಶೇಷಣಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಇದರಲ್ಲಿ ಕೇಳುಗನಿಗೆ ಉಪಯೋಗವಾಗುವ ಸಂಗತಿ ಏನಾದರೂ ಉಳಿಯುತ್ತದೆಯೆ? ಆಸ್ಪತ್ರೆಯ ಜಗಲಿಯಲ್ಲಿ ಕುಳಿತವನು ಇದರ ಒಂದೊಂದು ವಾಕ್ಯವನ್ನೂ ನೋವಿಲ್ಲದೆ ಕೇಳಬಲ್ಲನೆ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಆ ಕಾಗದ ಓದಲು ಸಿದ್ಧವಾಗಿದೆ. ಒಂದಕ್ಕೆ ಇಲ್ಲವೆಂದು ಬಂದರೂ, ಗಡಿಯಾರದಲ್ಲಿ ಸಮಯವಿರುವವರೆಗೆ ಲೇಖನಿಯನ್ನು ಕೆಳಗಿಡಬಾರದು. ಸಮಯ ಮುಗಿದೇಹೋದರೆ, ‘ನಮಸ್ಕಾರ’ವನ್ನೂ ಗಂಟೆಯನ್ನೂ ಮಾತ್ರ ಹೇಳಿ ಹಾಡನ್ನು ಬಿಡುವುದು ಯಾವ ಅಲಂಕಾರಕ್ಕಿಂತಲೂ ಹೆಚ್ಚು ಮರ್ಯಾದೆಯ ಮಾತಾಗುತ್ತದೆ.